43 ಲಕ್ಷದ ವಂತಿಗೆ ‘ಇತರೆ ವಿಷಯ’ದಲ್ಲಿ ಬರಬಾರದಿತ್ತು

ಇವರಿಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಮತ್ತು ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರು,
ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ಬೆಂಗಳೂರು

ಪ್ರತಿ: 72 ಫ್ಲಾಟ್‌ಗಳ ಮಾಲೀಕರಿಗೆ

ವಿಷಯ: ವಿಶೇಷ ರಿಪೇರಿ ವಂತಿಗೆಯ ಬಿಲ್ ತಡೆಹಿಡಿದು, ಸರಿಯಾದ ನೋಟಿಸ್ ಕೊಟ್ಟು ಸರ್ವ ಸದಸ್ಯರ ಸಭೆಯನ್ನು ಮತ್ತೆ ಕರೆಯುವ ಬಗ್ಗೆ

ಮಾನ್ಯರೇ,

ಹೋದ ತಿಂಗಳ ಭಾನುವಾರದ ಸಭೆಯ ನಡಾವಳಿ ಮತ್ತು ಅದರ ಹಿಂದೆಯೇ ಬಂದ 60,000 ರೂಪಾಯಿಯ ಬಿಲ್ ಎರಡೂ ಕೈ ಸೇರಿವೆ. ಬಿಲ್‌ನ ಕೆಳಗೆ, ಹದಿನೈದನೇ ತಾರೀಕಿನೊಳಗೆ ಕಟ್ಟದಿದ್ದರೆ ತಿಂಗಳಿಗೆ ಶೇಕಡ 2 ಬಡ್ಡಿ ಅಂತ ಕೆಂಪು ಅಕ್ಷರದಲ್ಲಿ ಬರೆದಿದೆ. ಆ ಸಭೆಯಲ್ಲಿ ನಾನೂ ಕೂತಿದ್ದೆ. ಅಲ್ಲಿ ನಡೆದದ್ದಕ್ಕೂ ನಡಾವಳಿಯಲ್ಲಿ ಬರೆದದ್ದಕ್ಕೂ ತಾಳೆ ಆಗುತ್ತಿಲ್ಲ. ಅದಕ್ಕೇ ಈ ಪತ್ರ. ಗೇಟಿನ ಹತ್ತಿರ ನಿಂತು ಮಾತಾಡಿ ಮುಗಿಸುವ ವಿಷಯ ಇದಲ್ಲ ಅನ್ನಿಸಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ರಿಪೇರಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಟ್ಟಡಕ್ಕೆ ಇಪ್ಪತ್ತು ವರ್ಷ ದಾಟಿದೆ. ಬಿಲ್ಡರ್ ಕಡೆ ಬೆರಳು ತೋರಿಸುವ ಕಾಲ ಮುಗಿದು ಎಷ್ಟೋ ವರ್ಷ ಆಯಿತು. ಬಿ ಬ್ಲಾಕಿನ ಮೂರನೇ ಮಹಡಿಯ ಬಾಲ್ಕನಿ ಅಂಚಿನಿಂದ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆ ಉದುರಿ ಕೆಳಗಿದ್ದ ಸ್ಕೂಟರಿನ ಸೀಟು ಹರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಉದುರಿದ ಜಾಗದಲ್ಲಿ ಕಂಬಿ ಕಾಣುತ್ತಿದೆ. ತುಕ್ಕು ಹಿಡಿದು ಪದರ ಪದರವಾಗಿ ಎದ್ದಿದೆ, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದ ಕಂಬಿ ಮೇಲಿನ ಕಾಂಕ್ರೀಟನ್ನು ತಳ್ಳುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗಿ ತುಕ್ಕು ಇನ್ನೂ ಜಾಸ್ತಿಯಾಗುತ್ತದೆ. ಅದು ತಾನಾಗಿ ನಿಲ್ಲುವಂಥದ್ದಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಅಡ್ಡಮಳೆ ಶುರುವಾಗುತ್ತದೆ. ತಾರಸಿಯ ವಾಟರ್‌ಪ್ರೂಫಿಂಗ್‌ಗೆ ಸ್ಲ್ಯಾಬ್ ಒಣಗಿರಬೇಕು. ಹಾಗಾಗಿ ಸಮಿತಿಯ ಅವಸರ ನನಗೆ ಅರ್ಥವಾಗುತ್ತದೆ.

ಆದರೆ ಅವಸರದಲ್ಲಿ ಮಾಡಿದ ಠರಾವು ನಾಳೆ ಕೆಲಸವನ್ನೇ ನಿಲ್ಲಿಸಬಹುದು. ಯಾರೋ ಒಬ್ಬರು ಮಾಲೀಕರು ಇದನ್ನು ಪ್ರಶ್ನಿಸಿ ವಕೀಲರ ನೋಟಿಸ್ ಕಳಿಸಿದರೆ ಸಾಕು, ಗುತ್ತಿಗೆದಾರ ಅರ್ಧ ಕೆಡವಿದ ಬಾಲ್ಕನಿ ಬಿಟ್ಟು ಹೋಗುತ್ತಾನೆ. ಆಗ ಮಳೆಗಾಲದಲ್ಲಿ ನಮ್ಮ ಪಾಡೇನು?

ಈಗ ನಡೆದದ್ದಕ್ಕೆ ಬರುತ್ತೇನೆ.

ಸಭೆ ಇದ್ದದ್ದು ಭಾನುವಾರ ಬೆಳಿಗ್ಗೆ 10.30ಕ್ಕೆ. ನೋಟಿಸ್ ಲಿಫ್ಟ್ ಪಕ್ಕದ ಬೋರ್ಡಿಗೆ ಬಂದದ್ದು ಗುರುವಾರ ಸಂಜೆ. ನಮ್ಮ ಬೈಲಾ ಪ್ರಕಾರ ಪೂರ್ತಿ 14 ದಿನ ಮುಂಚೆ ಪ್ರತಿ ಮಾಲೀಕರಿಗೂ ನೋಟಿಸ್ ತಲುಪಬೇಕು. ಪೂರ್ತಿ ಅಂದರೆ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ನಡುವೆ 14 ದಿನ. ನಮಗೆ ಸಿಕ್ಕಿದ್ದು ಶುಕ್ರವಾರ, ಶನಿವಾರ, ಎರಡೇ ದಿನ. ಅದೂ ಬೋರ್ಡ್ ನೋಡಿದವರಿಗೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ದುಬೈನಲ್ಲೋ ಇದ್ದು ಫ್ಲಾಟ್ ಬಾಡಿಗೆಗೆ ಕೊಟ್ಟಿರುವ ಮಾಲೀಕರು ನಮ್ಮ ಲಿಫ್ಟ್ ಹತ್ತಿರ ಬರುವುದು ವರ್ಷಕ್ಕೊಮ್ಮೆ ಇರಬಹುದು. ಅವರಿಗೆ ವಿಷಯ ಗೊತ್ತಾಗಿದ್ದು ಬಿಲ್ ಬಂದಾಗಲೇ.

ದಿನಗಳ ಲೆಕ್ಕಕ್ಕಿಂತ ನನಗೆ ಜಾಸ್ತಿ ಬೇಸರ ಆಗಿದ್ದು ಅಜೆಂಡಾ ನೋಡಿ. ನೋಟಿಸ್‌ನಲ್ಲಿ ನಾಲ್ಕು ಸಾಲು ಇತ್ತು. ಹಿಂದಿನ ನಡಾವಳಿ ಓದುವುದು, ಲೆಕ್ಕಪತ್ರ ಮಂಡನೆ, ಕಟ್ಟಡದ ದುರಸ್ತಿ ಕುರಿತು ಚರ್ಚೆ, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ. ವಂತಿಗೆ ಅನ್ನುವ ಪದವೇ ಇರಲಿಲ್ಲ. ಮೊತ್ತ ಇರಲಿಲ್ಲ. ಮೂರನೇ ವಿಷಯದಲ್ಲಿ ಸೋರಿಕೆ, ಬಿರುಕು ಅಂತ ಮುಕ್ಕಾಲು ಗಂಟೆ ಚರ್ಚೆ ಆಯಿತು, ಕಾಫಿ ಬಂತು. ಆಮೇಲೆ ನಾಲ್ಕನೇ ವಿಷಯ ಬಂದಾಗ ಗುತ್ತಿಗೆದಾರರ ಕೊಟೇಷನ್ ಹೊರಗೆ ಬಂತು. 43,20,000 ರೂಪಾಯಿ, ಭಾಗಿಸು 72, ಫ್ಲಾಟಿಗೆ 60,000. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದರು. ಮುಗೀತು.

‘ಚರ್ಚೆ’ ಅಂತ ಅಜೆಂಡಾದಲ್ಲಿ ಇದ್ದರೆ ಚರ್ಚೆ ಮಾಡಬಹುದು. ಮನೆ ಮನೆಯಿಂದ ದುಡ್ಡು ಎತ್ತುವ ಠರಾವು ಮಾಡಲು ಅಷ್ಟು ಸಾಲದು. ಇತರೆ ವಿಷಯ ಅನ್ನುವುದು ನಾಯಿ ಓಡಾಟ, ಪಾರ್ಕಿಂಗ್ ಸ್ಟಿಕರ್, ಗಣೇಶನ ಹಬ್ಬದ ಪೆಂಡಾಲ್ ಇಂಥದ್ದಕ್ಕೆ ಇರುವ ಜಾಗ. ನೋಟಿಸ್ ಕೊಡುವುದರ ಉದ್ದೇಶ ಒಂದೇ: ಬರಬೇಕೋ ಬೇಡವೋ, ಬರಲಾಗದಿದ್ದರೆ ಪ್ರಾಕ್ಸಿ ಕೊಡಬೇಕೋ, ಅಂತ ಮಾಲೀಕರು ತೀರ್ಮಾನ ಮಾಡುವಷ್ಟು ವಿಷಯ ಅದರಲ್ಲಿ ಇರಬೇಕು. 60,000 ರೂಪಾಯಿ ಅಂತ ಮೊದಲೇ ಬರೆದಿದ್ದರೆ ಅವತ್ತು ಆ ಹಾಲ್‌ನಲ್ಲಿ ಖಾಲಿ ಕುರ್ಚಿ ಅಷ್ಟೊಂದು ಇರುತ್ತಿತ್ತಾ?

ಇನ್ನು ಕೋರಂ. ಬೈಲಾ ಹೇಳುವುದು ಮಾಲೀಕರಲ್ಲಿ ಮೂರನೇ ಒಂದು ಭಾಗ. 72ರಲ್ಲಿ 24. ನಡಾವಳಿಯಲ್ಲಿ ‘ಹಾಜರಿ 31, ಕೋರಂ ಇದೆ’ ಅಂತ ಬರೆದಿದೆ. ಹಾಜರಿ ಪುಸ್ತಕವನ್ನು ಕಾರ್ಯದರ್ಶಿಗಳು ಕೇಳಿದ ತಕ್ಷಣ ತೋರಿಸಿದರು, ಅದಕ್ಕೆ ಧನ್ಯವಾದ. ಅದರಲ್ಲಿ 31 ಸಹಿ ಇರುವುದು ನಿಜ. ಆದರೆ ಅದರಲ್ಲಿ ಆರು ಜನ ಬಾಡಿಗೆದಾರರು. ನಾಲ್ಕು ಮನೆಯಿಂದ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ್ದಾರೆ. ಇಬ್ಬರ ಹೆಸರಿನಲ್ಲಿ ಫ್ಲಾಟ್ ಇದ್ದರೂ ಅದು ಒಂದೇ ಫ್ಲಾಟ್, ಒಂದೇ ಹಾಜರಿ. ಈ ಹತ್ತು ತೆಗೆದರೆ ಉಳಿಯುವುದು 21. ಕೋರಂಗೆ ಮೂರು ಕಮ್ಮಿ.

ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ, ಬಂದವರೇ ಕೋರಂ ಅಂತ ಸಭೆ ನಡೆಸಬಹುದಲ್ವಾ ಅಂತ ನೀವು ಕೇಳಬಹುದು. ಹೌದು, ನಮ್ಮ ಬೈಲಾದಲ್ಲಿ ಆ ಅವಕಾಶ ಇದೆ. ಆದರೆ ಅವತ್ತು ಯಾರೂ ಸಭೆ ಮುಂದೂಡಲಿಲ್ಲ. ಮುಂದೂಡಿದ್ದೇವೆ ಅಂತ ನಡಾವಳಿಯೂ ಹೇಳುವುದಿಲ್ಲ. ಕೋರಂ ಇದೆ ಅಂತಲೇ ಹೇಳುತ್ತದೆ. ಜತೆಗೆ ಅದೇ ನಿಯಮದ ಮುಂದಿನ ಸಾಲನ್ನೂ ಓದಬೇಕು: ಮುಂದೂಡಿದ ಸಭೆಯಲ್ಲಿ ಮೂಲ ನೋಟಿಸ್‌ನಲ್ಲಿದ್ದ ವಿಷಯ ಬಿಟ್ಟು ಬೇರೇನೂ ತೀರ್ಮಾನಿಸುವಂತಿಲ್ಲ. ವಂತಿಗೆ ನೋಟಿಸ್‌ನಲ್ಲೇ ಇರಲಿಲ್ಲ. ಹೇಗೆ ನೋಡಿದರೂ ಠರಾವಿಗೆ ಕಾಲು ಊರಲು ಜಾಗ ಸಿಗುತ್ತಿಲ್ಲ.

ಈ ಅರ್ಧ ಗಂಟೆಯ ನಿಯಮದ ಬಗ್ಗೆ ಒಂದು ಮಾತು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ನೋಟಿಸ್‌ನಲ್ಲೇ ‘10.30ಕ್ಕೆ ಕೋರಂ ಇಲ್ಲದಿದ್ದರೆ 11ಕ್ಕೆ ಸಭೆ’ ಅಂತ ಬರೆದುಬಿಡುತ್ತಾರೆ. ಎಲ್ಲರೂ 11ಕ್ಕೇ ಬರುತ್ತಾರೆ. ಲೆಕ್ಕ ಒಪ್ಪಿಗೆಗೆ, ಆಡಿಟರ್ ನೇಮಕಕ್ಕೆ ಇದು ನಡೆಯುತ್ತದೆ, ಇಲ್ಲದಿದ್ದರೆ ಯಾವ ಸಂಘವೂ ವರ್ಷಕ್ಕೊಂದು ಸಭೆ ಮುಗಿಸಲಾಗುವುದಿಲ್ಲ. ಆದರೆ ಒಂಬತ್ತು ಜನ ಬಂದರೆ ಒಂಬತ್ತೇ ಕೋರಂ. ವಿಶೇಷ ವಂತಿಗೆ ಪಾಸಾಗಲು ಅವರಲ್ಲಿ ಮೂರನೇ ಎರಡು ಸಾಕು, ಅಂದರೆ ಆರು ಜನ. ಆರು ಜನ ಕೈ ಎತ್ತಿ 72 ಮನೆಗೆ 43 ಲಕ್ಷದ ಬಿಲ್ ಕಳಿಸಬಹುದು. ಬೈಲಾ ಇದನ್ನು ತಡೆಯುವುದಿಲ್ಲ. ನೀವು ತಡೆಯಬಹುದು. ವಂತಿಗೆ ವಿಷಯಕ್ಕೆ ಮಾತ್ರ, ಕೋರಂ ಆಗದಿದ್ದರೆ ಸಭೆಯನ್ನು ಒಂದು ವಾರ ಮುಂದಕ್ಕೆ ಹಾಕುತ್ತೇವೆ, ಬರದ ಮಾಲೀಕರಿಗೆ ಮತ್ತೊಮ್ಮೆ ತಿಳಿಸುತ್ತೇವೆ ಅಂತ ಸಮಿತಿ ನೋಟಿಸ್‌ನಲ್ಲೇ ಬರೆದುಕೊಡಲಿ. ಅದಕ್ಕೆ ಬೈಲಾ ತಿದ್ದುಪಡಿ ಬೇಕಿಲ್ಲ.

ಮುಂದಿನದು ಮತದಾನ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮ ಅಪಾರ್ಟ್‌ಮೆಂಟ್‌ನ ನಿಜವಾದ ಜಗಳ ಇರುವುದು ಇಲ್ಲೇ.

ನಡಾವಳಿ ಪ್ರಕಾರ 22 ಜನ ಪರ, 7 ಜನ ವಿರೋಧ, ಇಬ್ಬರು ತಟಸ್ಥ. ವಿಶೇಷ ವಂತಿಗೆಗೆ ಬೈಲಾ ಕೇಳುವುದು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. 29ರಲ್ಲಿ 22 ಅಂದರೆ ಆರಾಮಾಗಿ ಪಾಸ್. ಆದರೆ ಆ 22 ಕೈಗಳಲ್ಲಿ ಆರು ಬಾಡಿಗೆದಾರರದ್ದು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದರಿಂದ ಎಲ್ಲ ಕೈ ಕಾಣುತ್ತಿತ್ತು. ಅವರನ್ನು ದೂರುವುದಿಲ್ಲ. ನೀರು ಸೋರುವುದು ಅವರ ಮಂಚದ ಮೇಲೆ, ವಂತಿಗೆ ಕಟ್ಟುವುದು ಅವರ ಮಾಲೀಕರು. ಅವರ ಜಾಗದಲ್ಲಿ ನಾನಿದ್ದರೂ ಎರಡೂ ಕೈ ಎತ್ತುತ್ತಿದ್ದೆ. ಅವರು ಸಭೆಯಲ್ಲಿ ಮಾತಾಡಬೇಕು, ಎಲ್ಲಿ ಸೋರುತ್ತಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಮಾಲೀಕರ ಪ್ರಾಕ್ಸಿ ಪತ್ರ ಇಲ್ಲದೆ ಮತ ಹಾಕುವಂತಿಲ್ಲ. ಅವತ್ತು ಒಂದೇ ಒಂದು ಪ್ರಾಕ್ಸಿ ಪತ್ರವೂ ಇರಲಿಲ್ಲ. ಇನ್ನು ನಾಲ್ಕು ಮನೆಯಿಂದ ಗಂಡ ಹೆಂಡತಿ ಇಬ್ಬರೂ ಕೈ ಎತ್ತಿದರು. ಆ ನಾಲ್ಕು ಹೆಚ್ಚುವರಿ ಕೈಯನ್ನೂ ತೆಗೆದರೆ ಪರ 12, ವಿರೋಧ 7. ಒಟ್ಟು 19. ಮೂರನೇ ಎರಡು ಆಗಬೇಕಾದರೆ 13 ಬೇಕು. ಒಂದು ಮತದಿಂದ ಠರಾವು ಬಿದ್ದಂತಾಯಿತು.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ. ಆದರೆ ಇದು ಪೂರ್ತಿ ಕಥೆ ಅಲ್ಲ.

ಬೆಂಗಳೂರಿನಲ್ಲಿ ಬಹಳಷ್ಟು ಮಾಲೀಕರ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿವೆ. ಅಲ್ಲಿ ಸಾಮಾನ್ಯವಾಗಿ ಒಬ್ಬ ಸದಸ್ಯನಿಗೆ ಒಂದು ಮತ. ನಮ್ಮದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರುವ ಕಟ್ಟಡ. ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಪತ್ರ, ಅಂದರೆ ನಮ್ಮ ಡೀಡ್ ಆಫ್ ಡಿಕ್ಲರೇಷನ್, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆ. ಅದರಲ್ಲಿ ಪ್ರತಿ ಫ್ಲಾಟಿಗೂ ಸಾಮಾನ್ಯ ಜಾಗದಲ್ಲಿ ಇರುವ ಶೇಕಡಾವಾರು ಅವಿಭಜಿತ ಪಾಲು ಬರೆದಿದೆ, ಅದು ಫ್ಲಾಟಿನ ಚದರಡಿಗೆ ತಕ್ಕಂತೆ ಇದೆ. ಮತವನ್ನು ಆ ಪಾಲಿನ ಪ್ರಕಾರ ಎಣಿಸಬೇಕು ಅಂತ ನಮ್ಮ ಬೈಲಾ ಹೇಳುತ್ತದೆ. ಇಷ್ಟು ವರ್ಷ ಸುಮ್ನೆ ಕೈ ಎತ್ತಿಸಿಕೊಂಡು ಬಂದಿದ್ದೇವೆ, ಯಾಕೆಂದರೆ ಯಾವ ವಿಷಯಕ್ಕೂ ಇಷ್ಟು ಹತ್ತಿರದ ಎಣಿಕೆ ಬಂದಿರಲಿಲ್ಲ.

ಪಾಲಿನ ಪ್ರಕಾರ ಎಣಿಸೋಣ. ನಮ್ಮಲ್ಲಿ 1,100 ಚದರಡಿಯ ಎರಡು ಬೆಡ್‌ರೂಮಿನ ಮನೆ 40, 1,500 ಚದರಡಿಯ ಮೂರು ಬೆಡ್‌ರೂಮಿನ ಮನೆ 28, 2,500 ಚದರಡಿಯ ಪೆಂಟ್‌ಹೌಸ್ 4. ಒಟ್ಟು 96,000 ಚದರಡಿ. ಪರವಾಗಿ ಮತ ಹಾಕಿದ 12 ಮನೆಗಳಲ್ಲಿ ನಾಲ್ಕೂ ಪೆಂಟ್‌ಹೌಸ್ ಇದ್ದವು, ಮೂರು ಬೆಡ್‌ರೂಮಿನವು ಆರು, ಎರಡು ಬೆಡ್‌ರೂಮಿನವು ಎರಡು. ಸೇರಿಸಿದರೆ 21,200 ಚದರಡಿ. ವಿರೋಧದ ಏಳರಲ್ಲಿ ಎರಡು ಬೆಡ್‌ರೂಮಿನವು ಐದು, ಮೂರು ಬೆಡ್‌ರೂಮಿನವು ಎರಡು. ಅದು 8,500. ಪರ ಇದ್ದವರ ಪಾಲು ಶೇಕಡ 71. ಅಂದರೆ ಪಾಲಿನ ಲೆಕ್ಕದಲ್ಲಿ ಮೂರನೇ ಎರಡು ಸಿಗುತ್ತದೆ!

ತಲೆ ಎಣಿಸಿದರೆ ಬೀಳುವ ಠರಾವು ಪಾಲು ಎಣಿಸಿದರೆ ನಿಲ್ಲುತ್ತದೆ. ಹಾಗಾದರೆ ಪಾಲಿನ ಲೆಕ್ಕವೇ ಸರಿ ಅಂತ ಸಮಿತಿ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಅದೇ 1972ರ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ಸಾಮಾನ್ಯ ಖರ್ಚನ್ನು ಮಾಲೀಕರ ಮೇಲೆ ಹಾಕಬೇಕಾದ್ದೂ ಅದೇ ಅವಿಭಜಿತ ಪಾಲಿನ ಪ್ರಕಾರ. ಮತಕ್ಕೆ ಒಂದು ಅಳತೆ, ದುಡ್ಡಿಗೆ ಇನ್ನೊಂದು ಅಳತೆ ಆಗುವುದಿಲ್ಲ. ಪಾಲಿನ ಪ್ರಕಾರ ಹಂಚಿದರೆ ಚದರಡಿಗೆ 45 ರೂಪಾಯಿ ಬರುತ್ತದೆ. ಎರಡು ಬೆಡ್‌ರೂಮಿನವರಿಗೆ 49,500, ಮೂರು ಬೆಡ್‌ರೂಮಿನವರಿಗೆ 67,500, ಪೆಂಟ್‌ಹೌಸಿಗೆ 1,12,500. ಒಟ್ಟು ಅದೇ 43,20,000. ಸಮನಾಗಿ 60,000 ಅಂತ ಮಾಡಿದಾಗ ಒಂದೊಂದು ಎರಡು ಬೆಡ್‌ರೂಮಿನ ಮನೆಯೂ 10,500 ಜಾಸ್ತಿ ಕಟ್ಟುತ್ತದೆ, ಒಂದೊಂದು ಪೆಂಟ್‌ಹೌಸೂ 52,500 ಉಳಿಸಿಕೊಳ್ಳುತ್ತದೆ. ನಾಲ್ಕೂ ಪೆಂಟ್‌ಹೌಸ್‌ನವರು ಪರವಾಗಿದ್ದದ್ದು ಇದಕ್ಕೇ ಅಂತ ನಾನು ಹೇಳುವುದಿಲ್ಲ. ತಾರಸಿಯ ಸೋರಿಕೆ ಮೊದಲು ತಟ್ಟುವುದೂ ಅವರಿಗೇ. ಅಂದ ಹಾಗೆ ನನ್ನದು ಮೂರು ಬೆಡ್‌ರೂಮಿನ ಮನೆ. ಈ ಲೆಕ್ಕದಲ್ಲಿ ನಾನು 7,500 ಜಾಸ್ತಿ ಕಟ್ಟಬೇಕು. ಕಟ್ಟುತ್ತೇನೆ.

‘ಎಲ್ಲರೂ ಒಂದೇ ಲಿಫ್ಟ್, ಒಂದೇ ಗೇಟ್ ಬಳಸುತ್ತಾರೆ, ಸಮನಾಗಿ ಕಟ್ಟಲಿ’ ಅಂತ ವಾದ ಮಾಡುವವರಿದ್ದಾರೆ. ಸೆಕ್ಯೂರಿಟಿ ಸಂಬಳದ ವಿಷಯದಲ್ಲಿ ಆ ವಾದ ಕೇಳಲು ಚೆನ್ನಾಗಿದೆ. ಕಟ್ಟಡದ ಕಾಂಕ್ರೀಟಿಗೆ ಅದು ಕೂಡುವುದಿಲ್ಲ. ಮತ್ತು ನಮ್ಮ ಡಿಕ್ಲರೇಷನ್‌ನಲ್ಲಿ ಬರೆದದ್ದನ್ನು ಒಂದು ಭಾನುವಾರ ಕೈ ಎತ್ತಿ ಬದಲಾಯಿಸಲೂ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ ಕೆದಕುತ್ತೀರಿ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. 1972ರ ಕಾಯ್ದೆಯಡಿ ಕಟ್ಟದೆ ಉಳಿದ ವಂತಿಗೆ ಫ್ಲಾಟಿನ ಮೇಲಿನ ಋಣಭಾರವಾಗುತ್ತದೆ. ನಾಳೆ ಯಾರಾದರೂ ಮನೆ ಮಾರಲು ಹೋದಾಗ ಸಂಘದ ಎನ್‌ಒಸಿ ಕೇಳುತ್ತಾರೆ, ಬಾಕಿ ತೋರಿಸುತ್ತದೆ. ಅಷ್ಟು ಬಲ ಇರುವ ಬಿಲ್ಲಿನ ಹಿಂದೆ ಅಷ್ಟೇ ಗಟ್ಟಿಯಾದ ಠರಾವು ಇರಬೇಕು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕಿ ಸರಿಮಾಡೋಣ ಅನ್ನುವ ಸಲಹೆ ಬಂದಿದೆ. ದಯವಿಟ್ಟು ಬೇಡ. ಆ ಗ್ರೂಪಿನಲ್ಲಿ ಒಂದೇ ಮನೆಯ ಮೂರು ಜನ ಇದ್ದಾರೆ, ಮನೆ ಮಾರಿ ಹೋದವರೂ ಇನ್ನೂ ಇದ್ದಾರೆ.

ಇನ್ನು ಕೊಟೇಷನ್ ಬಗ್ಗೆ. ಸಭೆಯಲ್ಲಿ ಎರಡು ನಿಮಿಷ ಕೈಯಿಂದ ಕೈಗೆ ಹೋದ ಆ ಹಾಳೆಯಲ್ಲಿ ಮೂರು ಮೊತ್ತ ಇತ್ತು. ಬಾಲ್ಕನಿ ಅಂಚು ಮತ್ತು ಸಜ್ಜಾಗಳ ಕಾಂಕ್ರೀಟ್ ರಿಪೇರಿಗೆ 13 ಲಕ್ಷ, ತಾರಸಿ ವಾಟರ್‌ಪ್ರೂಫಿಂಗ್‌ಗೆ 11 ಲಕ್ಷದ 20 ಸಾವಿರ, ಹೊರಗೋಡೆ ಪೇಂಟಿಂಗ್‌ಗೆ 19 ಲಕ್ಷ. ಅಂದರೆ ಜೀವಕ್ಕೆ ಅಪಾಯ ಇರುವ, ಮಳೆಗೆ ಮುಂಚೆ ಆಗಲೇಬೇಕಾದ ಕೆಲಸ 24 ಲಕ್ಷದ 20 ಸಾವಿರದ್ದು. ಉಳಿದದ್ದು ಪೇಂಟ್. ಪೇಂಟೂ ನೀರು ತಡೆಯುತ್ತದೆ ಅಂತ ಗುತ್ತಿಗೆದಾರರು ಹೇಳಿದರು, ಅದು ಸುಳ್ಳಲ್ಲ. ಆದರೆ ಬಿರುಕು ಮುಚ್ಚಿದ ಮೇಲೆ ಪೇಂಟ್ ಒಂದು ವರ್ಷ ಕಾಯಬಹುದು. ಎರಡನ್ನೂ ಒಂದೇ ಠರಾವಿನಲ್ಲಿ ಕಟ್ಟಿಹಾಕಿದ್ದರಿಂದ ಪೇಂಟ್ ಬೇಡ ಅನ್ನುವವರು ಬಾಲ್ಕನಿಯ ರಿಪೇರಿಗೂ ಬೇಡ ಅನ್ನಬೇಕಾಯಿತು. ವಿರೋಧಿಸಿದ ಏಳು ಜನರಲ್ಲಿ ಕನಿಷ್ಠ ಮೂವರು ನನಗೆ ಹೇಳಿದ್ದು ಇದನ್ನೇ.

ಇನ್ನೊಂದು ಮುಖ್ಯವಾದದ್ದು. 13 ಲಕ್ಷ ಅನ್ನುವುದು ಒಟ್ಟು ಮೊತ್ತವಾಗಿ ಬರೆದಿದೆ. ಎಷ್ಟು ಚದರಡಿ ರಿಪೇರಿ, ಚದರಡಿಗೆ ಎಷ್ಟು ದರ ಅಂತ ಇಲ್ಲ. ಇಂಥ ಕೆಲಸದಲ್ಲಿ ನಿಜವಾದ ಅಳತೆ ಗೊತ್ತಾಗುವುದು ಕೆಡವಿದ ಮೇಲೆ. ಹೊರಗಿನಿಂದ ಒಂದು ಅಡಿ ಬಿರುಕು ಕಂಡರೂ ಸುತ್ತಿಗೆಯಿಂದ ತಟ್ಟಿ ನೋಡಿದರೆ ಸುತ್ತ ಮೂರು ಅಡಿ ಟೊಳ್ಳು ಸದ್ದು ಬರಬಹುದು. ಟೊಳ್ಳು ಇರುವಷ್ಟನ್ನೂ ಒಡೆದು ತೆಗೆಯಬೇಕು, ಕಂಬಿಯ ಹಿಂಭಾಗದವರೆಗೂ ಹೋಗಬೇಕು, ತುಕ್ಕು ಉಜ್ಜಿ ತೆಗೆದು ಕೋಟಿಂಗ್ ಹೊಡೆಯಬೇಕು, ಬಾಂಡಿಂಗ್ ಕೋಟ್ ಹಚ್ಚಿ ಪಾಲಿಮರ್ ಮಾರ್ಟರ್‌ನಿಂದ ಪದರ ಪದರವಾಗಿ ತುಂಬಬೇಕು. ಬರೀ ಮೇಲೆ ಸಿಮೆಂಟ್ ಮೆತ್ತಿ ಪೇಂಟ್ ಹೊಡೆದರೆ ಎರಡನೇ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಅಳತೆ ಇಲ್ಲದ ಒಟ್ಟು ಮೊತ್ತದ ಕೊಟೇಷನ್ ಇದ್ದಾಗ ಎರಡರಲ್ಲಿ ಒಂದು ಆಗುತ್ತದೆ. ಗುತ್ತಿಗೆದಾರ ಕಮ್ಮಿ ಒಡೆದು ಮೆತ್ತಿ ಹೋಗುತ್ತಾನೆ, ಇಲ್ಲವೇ ಕೆಲಸದ ಮಧ್ಯೆ ಜಾಸ್ತಿ ಆಯಿತು ಅಂತ ನಿಲ್ಲಿಸುತ್ತಾನೆ, ನೀವು ಎರಡನೇ ವಂತಿಗೆಗೆ ಸಭೆ ಕರೆಯುತ್ತೀರಿ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪ್ರತಿ ಬಾಲ್ಕನಿಯನ್ನೂ ತಟ್ಟಿಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ, ಅಳತೆ ಪಟ್ಟಿ ತೆಗೆದುಕೊಳ್ಳಿ. ಆ ಪಟ್ಟಿಯನ್ನು ಕನಿಷ್ಠ ಮೂರು ಗುತ್ತಿಗೆದಾರರಿಗೆ ಕೊಟ್ಟು ದರ ಕೇಳಿ. ಈಗ ಇರುವುದು ಒಂದೇ ಕೊಟೇಷನ್.

ಜಿಎಸ್‌ಟಿ ಬಗ್ಗೆಯೂ ಬಿಲ್‌ನಲ್ಲಿ ಮೌನ. ಒಬ್ಬ ಸದಸ್ಯರಿಂದ ಪಡೆಯುವುದು ತಿಂಗಳಿಗೆ 7,500 ರೂಪಾಯಿ ಮೀರಿ, ಜತೆಗೆ ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿದರೆ ಶೇಕಡ 18 ಜಿಎಸ್‌ಟಿ ಪ್ರಶ್ನೆ ಬರುತ್ತದೆ. ಚದರಡಿಗೆ 4 ರೂಪಾಯಿ ಮೇಂಟೆನೆನ್ಸ್‌ನಲ್ಲೇ ನಮ್ಮ ವಹಿವಾಟು ವರ್ಷಕ್ಕೆ 46 ಲಕ್ಷ ಆಗುತ್ತದೆ. ಮಿತಿ ಮೀರಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ ಅಂತ 2019ರ ಇಲಾಖೆಯ ಸುತ್ತೋಲೆ ಹೇಳಿತು, ಮೀರಿದ ಮೊತ್ತಕ್ಕೆ ಮಾತ್ರ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 49,500ಕ್ಕೆ ಪೂರ್ತಿ 18 ಸೇರಿದರೆ 58,410 ಆಗುತ್ತದೆ. ಈ ವಂತಿಗೆಗೆ ತೆರಿಗೆ ಬೀಳುತ್ತದೋ ಇಲ್ಲವೋ, ಬಿದ್ದರೆ ಗುತ್ತಿಗೆದಾರರ ಬಿಲ್‌ನಲ್ಲಿ ನಾವು ಕಟ್ಟುವ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳಬಹುದೋ, ಅಂತ ನಮ್ಮ ಆಡಿಟರ್ ಒಂದು ಪುಟದಲ್ಲಿ ಬರೆದುಕೊಡಲಿ. ಆಮೇಲೆ ಇನ್ನೊಂದು ಬಿಲ್ ಬಂದರೆ ಯಾರಿಗೂ ಸರಿಬೀಳುವುದಿಲ್ಲ.

ಬರೀ ತಪ್ಪು ಹೇಳಿ ಕೂರುವುದು ಬೇಡ ಅಂತ ನೋಟಿಸ್‌ನ ಕರಡನ್ನು ನಾನೇ ಬರೆದಿದ್ದೇನೆ. ತಿದ್ದಿ ಬಳಸಿಕೊಳ್ಳಿ.

“ವಿಶೇಷ ಸರ್ವ ಸದಸ್ಯರ ಸಭೆಯ ನೋಟಿಸ್. ಸಂಘದ ಎಲ್ಲ ಮಾಲೀಕರಿಗೆ. ಮೇಲಿನ ಮಹಡಿಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ 10.30ಕ್ಕೆ ಸಭೆ ಕರೆಯಲಾಗಿದೆ. ಈ ನೋಟಿಸನ್ನು ಸಭೆಗೆ ಪೂರ್ತಿ 14 ದಿನ ಮುಂಚೆ ಪ್ರತಿ ಮಾಲೀಕರಿಗೂ ಇಮೇಲ್ ಮೂಲಕ ಕಳಿಸಲಾಗಿದೆ, ಇಲ್ಲೇ ಇರುವವರಿಗೆ ಸಹಿ ಪಡೆದು ಕೈಗೆ ಕೊಡಲಾಗಿದೆ.

ವಿಷಯ ಒಂದು: ಬಾಲ್ಕನಿ ಮತ್ತು ಸಜ್ಜಾ ರಿಪೇರಿ, ತಾರಸಿ ವಾಟರ್‌ಪ್ರೂಫಿಂಗ್ ಕೆಲಸಕ್ಕೆ 24,20,000 ರೂಪಾಯಿ ಮೀರದಂತೆ ವಿಶೇಷ ವಂತಿಗೆಯನ್ನು ಡಿಕ್ಲರೇಷನ್‌ನಲ್ಲಿರುವ ಪಾಲಿನ ಪ್ರಕಾರ ಮೂರು ಕಂತಿನಲ್ಲಿ ಸಂಗ್ರಹಿಸುವ ಠರಾವು. ಸಭೆಯ ಒಪ್ಪಿಗೆ ಇಲ್ಲದೆ ಈ ಮಿತಿ ದಾಟುವಂತಿಲ್ಲ. ವಿಷಯ ಎರಡು: ಹೊರಗೋಡೆ ಪೇಂಟಿಂಗ್‌ಗೆ 19,00,000 ರೂಪಾಯಿ ಮೀರದಂತೆ ಪ್ರತ್ಯೇಕ ವಂತಿಗೆಯ ಠರಾವು. ಎರಡಕ್ಕೂ ಬೇರೆ ಬೇರೆ ಮತದಾನ. ಈ ಸಭೆಯಲ್ಲಿ ಇತರೆ ವಿಷಯ ಇರುವುದಿಲ್ಲ.

ಕೋರಂ 24 ಫ್ಲಾಟ್‌ಗಳ ಮಾಲೀಕರು. ಪ್ರಾಕ್ಸಿ ಕೋರಂಗೆ ಸೇರುವುದಿಲ್ಲ. ಕೋರಂ ಆಗದಿದ್ದರೆ ಸಭೆಯನ್ನು ಮುಂದಿನ ಭಾನುವಾರ ಅದೇ ಸಮಯಕ್ಕೆ ಮುಂದೂಡಿ ಎಲ್ಲ ಮಾಲೀಕರಿಗೂ ಮತ್ತೆ ತಿಳಿಸಲಾಗುವುದು. ಮತದಾನ ಸಹಿ ಮಾಡಿದ ಮತಚೀಟಿಯಲ್ಲಿ, ಫ್ಲಾಟಿಗೆ ಒಂದು ಚೀಟಿ, ಎಣಿಕೆ ಪಾಲಿನ ಪ್ರಕಾರ. ಪ್ರಾಕ್ಸಿ ಪತ್ರ ಸಭೆಗೆ 24 ಗಂಟೆ ಮುಂಚೆ ಕಾರ್ಯದರ್ಶಿಗೆ ತಲುಪಬೇಕು, ಒಬ್ಬರು ಎರಡಕ್ಕಿಂತ ಹೆಚ್ಚು ಪ್ರಾಕ್ಸಿ ಹಿಡಿಯುವಂತಿಲ್ಲ. ಎಣಿಕೆಗೆ ಸಮಿತಿಯಲ್ಲಿ ಇಲ್ಲದ ಇಬ್ಬರು ಮಾಲೀಕರು.

ಲಗತ್ತು: ಎಂಜಿನಿಯರ್ ವರದಿ ಮತ್ತು ಅಳತೆ ಪಟ್ಟಿ, ಮೂರು ಕೊಟೇಷನ್, ಪ್ರತಿ ಫ್ಲಾಟಿನ ವಂತಿಗೆ ಪಟ್ಟಿ, ಕಾರ್ಪಸ್ ನಿಧಿಯಲ್ಲಿ ಇವತ್ತು ಇರುವ ಮೊತ್ತ, ಆಡಿಟರ್ ಅಭಿಪ್ರಾಯ, ಪ್ರಾಕ್ಸಿ ಫಾರಂ.”

ಪ್ರಾಕ್ಸಿಯ ಸಾಲುಗಳು ನನ್ನದಲ್ಲ, ಬೈಲಾದಲ್ಲೇ ಇರುವಂಥವು, ಯಾರೂ ಬಳಸುತ್ತಿರಲಿಲ್ಲ ಅಷ್ಟೇ. ಕಾರ್ಪಸ್, ಅಂದರೆ ಸಂಘ ಕೂಡಿಟ್ಟ ನಿಧಿಯ ಮೊತ್ತ ಕೇಳಿದ್ದಕ್ಕೆ ಕಾರಣ, ಕಳೆದ ಲೆಕ್ಕಪತ್ರದಲ್ಲಿ 18 ಲಕ್ಷ ಎಫ್‌ಡಿಯಲ್ಲಿದೆ ಅಂತ ಇತ್ತು. ಅದನ್ನು ಪೂರ್ತಿ ಮುಟ್ಟಬೇಡಿ. ಲಿಫ್ಟ್ ಬದಲಾಯಿಸುವ ಖರ್ಚು ಬಾಗಿಲಲ್ಲೇ ನಿಂತಿದೆ. ಆದರೆ ಅದರಲ್ಲಿ ಎಷ್ಟು ತೆಗೆದರೆ ವಂತಿಗೆ ಎಷ್ಟು ಇಳಿಯುತ್ತದೆ ಅನ್ನುವ ಪ್ರಶ್ನೆಯನ್ನಾದರೂ ಸಭೆಯ ಮುಂದೆ ಇಡಬೇಕು. ಅವತ್ತು ಆ ಎಫ್‌ಡಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಹಾಗಾಗಿ ಸಮಿತಿಯಲ್ಲಿ ನನ್ನ ಕೋರಿಕೆ ಇದು. ಈಗ ಕಳಿಸಿರುವ 60,000 ರೂಪಾಯಿಯ ಬಿಲ್ ಮತ್ತು ಬಡ್ಡಿಯನ್ನು ತಡೆಹಿಡಿಯಿರಿ. ಆಗಲೇ ಕಟ್ಟಿದವರ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಮುಂದಿನ ಕಂತಿಗೆ ಜಮಾ ಮಾಡಿಕೊಳ್ಳಿ. ನಡಾವಳಿಯಲ್ಲಿ ಹಾಜರಿ ಮತ್ತು ಮತದ ಅಂಕಿಯನ್ನು ಮಾಲೀಕರ ಫ್ಲಾಟ್ ಲೆಕ್ಕದಲ್ಲಿ ತಿದ್ದಿ. ಮೇಲಿನಂತೆ ನೋಟಿಸ್ ಕೊಟ್ಟು ಸಭೆ ಕರೆಯಿರಿ. ಗುತ್ತಿಗೆ ಕೊಡುವಾಗ ಶೇಕಡ 5ರಷ್ಟು ಹಣವನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವ ಷರತ್ತು ಹಾಕಿ. ತಾರಸಿಯಲ್ಲಿ ಎರಡು ದಿನ ನೀರು ಕಟ್ಟಿ ಕೆಳಗಿನ ಮನೆಯವರ ಚಾವಣಿ ಒಣಗಿದೆ ಅಂತ ಅವರಿಂದಲೇ ಬರೆಸಿಕೊಂಡ ಮೇಲೆ ಆ ಕೆಲಸದ ಬಿಲ್ ಪಾಸ್ ಮಾಡಿ.

ಎಂಜಿನಿಯರ್ ಅಳತೆಯೂ ನೋಟಿಸ್‌ನ 14 ದಿನವೂ ಸೇರಿ ಒಂದು ತಿಂಗಳಲ್ಲಿ ಮುಗಿಯುವ ಕೆಲಸ ಇದು. ಈಗ ಫೆಬ್ರವರಿ ಮೊದಲ ವಾರ. ಮಾರ್ಚ್ ಎರಡನೇ ವಾರಕ್ಕೆ ಸಭೆ ಆದರೂ ತಾರಸಿಗೆ ಮಳೆಗೆ ಮುಂಚೆ ಕೈ ಹಾಕಬಹುದು. ಅಲ್ಲಿಯವರೆಗೆ ಬಿ ಬ್ಲಾಕಿನ ಆ ಬಾಲ್ಕನಿಯ ಕೆಳಗೆ ಬಲೆ ಕಟ್ಟಿಸಿ, ಕೆಳಗಿನ ನಾಲ್ಕು ಪಾರ್ಕಿಂಗ್ ಜಾಗವನ್ನು ಖಾಲಿ ಮಾಡಿಸಿ. ಅದಕ್ಕೆ ಸರ್ವ ಸದಸ್ಯರ ಸಭೆ ಬೇಕಿಲ್ಲ, ತುರ್ತು ಖರ್ಚಿಗೆ ಸಮಿತಿಗೆ ಇರುವ ಅಧಿಕಾರವೇ ಸಾಕು. ಇವತ್ತೇ ಮಾಡಬಹುದು.

ಎಣಿಕೆ ಮಾಡಲು ಇಬ್ಬರು ಬೇಕಾದರೆ ನಾನು ಒಬ್ಬ ಬರುತ್ತೇನೆ. ಇನ್ನೊಬ್ಬರು ಪೆಂಟ್‌ಹೌಸ್‌ನವರು ಆಗಲಿ ಅಂತ ನನ್ನ ಆಸೆ. ಲಿಖಿತ ಉತ್ತರವನ್ನು ಬಿಲ್ಲಿನ ಗಡುವಿಗೆ ಮುಂಚೆ ನಿರೀಕ್ಷಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಿ ಬ್ಲಾಕಿನ ಮಾಲೀಕ